ಯಾವುದರಿಂದ ಭಾಗಿಸಿದ್ದೀರಿ? ಕೆಲಸ ಬಿಟ್ಟವರ ಕೊನೆಯ ಲೆಕ್ಕದ ಪತ್ರ

(ಬೆಂಗಳೂರಿನ ಪೀಣ್ಯದಲ್ಲಿ, ಸಣ್ಣ ಕಾರ್ಖಾನೆಗಳ ಸಂಬಳದ ಲೆಕ್ಕ ನೋಡುವವರು ಮತ್ತು ಕೆಲಸಗಾರರು ಒಟ್ಟಿಗೆ ಕುಳಿತಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸ ಸಂಬಳದ ಪಟ್ಟಿ ಸಿದ್ಧಪಡಿಸುವುದು. ಮೊದಲು ಲೆಡ್ಜರಿನಲ್ಲಿ, ಆಮೇಲೆ ಎಕ್ಸೆಲ್‌ನಲ್ಲಿ, ಕೊನೆಗೆ ಸಾಫ್ಟ್‌ವೇರಿನಲ್ಲಿ. ಈಗ ಅಲ್ಲಿಲ್ಲಿ ಸಲಹೆ ಕೊಡುತ್ತೇನೆ. ಇವತ್ತು ಮಾತನಾಡಲು ಬಂದಿರುವುದು ಒಂದೇ ಒಂದು ಕಾಗದದ ಬಗ್ಗೆ. ನಾವೆಲ್ಲ ಅದನ್ನು ‘ಫುಲ್ ಅಂಡ್ ಫೈನಲ್’ ಎನ್ನುತ್ತೇವೆ. ರಾಜೀನಾಮೆ ಕೊಟ್ಟವರ ಕೈಗೆ ಕಂಪನಿ ಕೊಡುವ ಅಂತಿಮ ಲೆಕ್ಕದ ಪತ್ರ ಅದು.

ಕಳೆದ ವರ್ಷ, ಅಂದರೆ 2025ರ ಮಾರ್ಚ್ ಮೊದಲ ವಾರದಲ್ಲಿ, ಒಬ್ಬ ಸಿಎನ್‌ಸಿ ಆಪರೇಟರ್ ಅಂಥ ಪತ್ರವನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಹೆಸರೂ ಬೇಡ, ಕಾರ್ಖಾನೆಯ ಹೆಸರೂ ಬೇಡ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರಿತ್ತು. ಅದರಲ್ಲಿ ಹತ್ತು ವರ್ಷಗಳ ಸಂಬಳದ ಚೀಟಿಗಳು, ವರ್ಷಕ್ಕೊಂದು ಕಟ್ಟಿನಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕುಳಿತಿದ್ದವು. “ಮೇಡಂ, ಒಂದು ಲಕ್ಷದ ಆರು ಸಾವಿರ ಚಿಲ್ಲರೆ ಕೊಡುತ್ತಾರಂತೆ. ಸಹಿ ಹಾಕಿ ಕಳಿಸಿ ಎಂದಿದ್ದಾರೆ. ಸರಿ ಇದೆಯೇ ನೋಡಿ” ಎಂದರು.

ಪತ್ರದಲ್ಲಿ ನಾಲ್ಕೇ ಸಾಲು. ಫೆಬ್ರುವರಿ ಸಂಬಳ 18,000. ರಜೆ ನಗದೀಕರಣ 14,560. ಗ್ರಾಚ್ಯುಟಿ 91,000. ನೋಟಿಸ್ ಅವಧಿಯ ಕಡಿತ 16,615. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ 1,06,945 ರೂಪಾಯಿ. ಅದರ ಕೆಳಗೆ, ‘ಇನ್ನು ನನಗೆ ಕಂಪನಿಯಿಂದ ಬರಬೇಕಾದದ್ದು ಏನೂ ಇಲ್ಲ’ ಎಂಬ ಒಕ್ಕಣೆ ಮತ್ತು ಸಹಿಗೆ ಜಾಗ.

ಕೂಡಿ ಕಳೆದು ನೋಡಿದರೆ ಒಂದು ರೂಪಾಯಿಯೂ ಹೆಚ್ಚು ಕಡಿಮೆ ಇಲ್ಲ. ಹಾಗಾಗಿಯೇ ಇಂಥ ಪತ್ರದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಕೂಡಿಸಿದ್ದರಲ್ಲಿ ಇರಲಿಲ್ಲ, ಪ್ರತಿ ಮೊತ್ತದ ಹಿಂದೆ ನಡೆದು ಕಾಣದಂತೆ ಉಳಿದ ಭಾಗಾಕಾರದಲ್ಲಿ ಇತ್ತು. ಒಂದು ದಿನದ ಸಂಬಳ ಎಷ್ಟು ಎಂದು ತಿಳಿಯಬೇಕಾದರೆ ತಿಂಗಳ ಸಂಬಳವನ್ನು ಯಾವುದೋ ಒಂದು ಸಂಖ್ಯೆಯಿಂದ ಭಾಗಿಸಲೇಬೇಕು. ಆ ಸಂಖ್ಯೆ 30 ಆಗಿರಬಹುದು, 26 ಆಗಿರಬಹುದು, ಫೆಬ್ರುವರಿಯಾದರೆ 28 ಆಗಿರಬಹುದು. ಭಾಗಿಸುವ ಮೊದಲು ಇನ್ನೊಂದು ಪ್ರಶ್ನೆಯೂ ಇದೆ. ‘ತಿಂಗಳ ಸಂಬಳ’ ಎಂದರೆ ಯಾವುದು? ಬೇಸಿಕ್ ಮಾತ್ರವೇ, ಬೇಸಿಕ್ ಜೊತೆಗೆ ತುಟ್ಟಿ ಭತ್ಯೆಯೇ, ಅಥವಾ ಒಟ್ಟು ಸಂಬಳವೇ? ಈ ಎರಡು ಪ್ರಶ್ನೆಗಳಿಗೆ ಪತ್ರದ ಪ್ರತಿ ಸಾಲಿನಲ್ಲೂ ಬೇರೆ ಬೇರೆ ಉತ್ತರ ಇರುತ್ತದೆ, ಇರಲೂ ಬೇಕು. ಏಕೆಂದರೆ ಒಂದೊಂದು ಸಾಲಿಗೂ ಬೇರೆ ಬೇರೆ ಕಾನೂನಿನ ಆಧಾರವಿದೆ.

ಅವರ ಜನವರಿಯ ಚೀಟಿಯನ್ನು ತೆಗೆಸಿ ಮೇಜಿನ ಮೇಲೆ ಬಿಡಿಸಿಟ್ಟೆ. ಬೇಸಿಕ್ 18,200. ಡಿಎ 7,800. ಎರಡೂ ಸೇರಿ 26,000. ಮನೆ ಬಾಡಿಗೆ ಭತ್ಯೆ ಮತ್ತು ಇತರೆ ಭತ್ಯೆಗಳು 10,000. ಒಟ್ಟು 36,000. ಕೆಲಸಕ್ಕೆ ಸೇರಿದ್ದು 2014ರ ಜುಲೈ 7ರಂದು. ರಾಜೀನಾಮೆ ಕೊಟ್ಟಿದ್ದು 2025ರ ಜನವರಿ 27ರಂದು. ಕೊನೆಯ ದಿನ ಫೆಬ್ರುವರಿ 14. ಈ ಅಂಕಿಗಳನ್ನು ದಯವಿಟ್ಟು ಬರೆದುಕೊಳ್ಳಿ, ಇನ್ನು ಮುಂದಿನದ್ದೆಲ್ಲ ಇವುಗಳ ಮೇಲೆಯೇ ನಡೆಯುತ್ತದೆ.

ಮೊದಲು ಗ್ರಾಚ್ಯುಟಿಯನ್ನೇ ನೋಡೋಣ, ಏಕೆಂದರೆ ಇಲ್ಲಿ ಹೋದ ಹಣ ದೊಡ್ಡದು. ಸರ್ಕಾರಿ ಕನ್ನಡದಲ್ಲಿ ಇದನ್ನು ಉಪದಾನ ಎನ್ನುತ್ತಾರೆ. ಇವರ ಪ್ರಕರಣಕ್ಕೆ ಅನ್ವಯಿಸಿದ್ದು 1972ರ ಉಪದಾನ ಪಾವತಿ ಕಾಯ್ದೆ. ಐದು ವರ್ಷ ನಿರಂತರ ಸೇವೆ ಮಾಡಿದವರು ರಾಜೀನಾಮೆ ಕೊಟ್ಟರೂ ಇದಕ್ಕೆ ಅರ್ಹರು. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ, ಕೊನೆಯ ಬಾರಿ ಪಡೆದ ವೇತನದ ದರದಲ್ಲಿ. ಗರಿಷ್ಠ ಮಿತಿ 20 ಲಕ್ಷ.

‘ಹದಿನೈದು ದಿನ’ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಅರ್ಧ ತಿಂಗಳು. ಪತ್ರ ಬರೆದವರೂ ಹಾಗೆಯೇ ಲೆಕ್ಕ ಹಾಕಿದ್ದರು. ಬೇಸಿಕ್ 18,200ರ ಅರ್ಧ 9,100. ಹತ್ತು ವರ್ಷಕ್ಕೆ 91,000. ನೋಡಲು ಎಷ್ಟು ಸರಳ! ಆದರೆ ಈ ಒಂದು ಸಾಲಿನಲ್ಲಿ ಮೂರು ತಪ್ಪುಗಳಿವೆ.

ಮೊದಲನೆಯದು 30. ಅರ್ಧ ತಿಂಗಳು ಎಂದರೆ 30ರಿಂದ ಭಾಗಿಸಿ 15ರಿಂದ ಗುಣಿಸಿದಂತೆ. ಆದರೆ ತಿಂಗಳ ಸಂಬಳವನ್ನು ಕೆಲಸಗಾರ ಮೂವತ್ತು ದಿನ ದುಡಿದು ಗಳಿಸುವುದಿಲ್ಲ. ನಾಲ್ಕು ಭಾನುವಾರ ತೆಗೆದರೆ ಉಳಿಯುವ 26 ದಿನಗಳ ದುಡಿಮೆಗೆ ಆ ಸಂಬಳ. ಆದ್ದರಿಂದ ಒಂದು ದಿನದ ವೇತನ ಎಂದರೆ ಇಪ್ಪತ್ತಾರರಲ್ಲಿ ಒಂದು ಭಾಗ. ಈ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 1980ರಲ್ಲಿ ದಿಗ್ವಿಜಯ್ ವೂಲನ್ ಮಿಲ್ಸ್ ಪ್ರಕರಣದಲ್ಲಿ, ಮತ್ತೆ 1984ರಲ್ಲಿ ಜೀವನ್‌ಲಾಲ್ ಪ್ರಕರಣದಲ್ಲಿ ನ್ಯಾಯಾಲಯ 26ರ ಲೆಕ್ಕವನ್ನೇ ಎತ್ತಿಹಿಡಿಯಿತು. ಆಮೇಲೆ 1987ರ ತಿದ್ದುಪಡಿಯಲ್ಲಿ ಕಾಯ್ದೆಯೊಳಗೇ ಅದನ್ನು ಬರೆದಿಟ್ಟರು. ತಿಂಗಳ ಸಂಬಳದವರಿಗೆ ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ಇಷ್ಟು ವರ್ಷಗಳಾದ ಮೇಲೂ 30ರಿಂದ ಭಾಗಿಸಿದ ಪತ್ರಗಳು ನನ್ನ ಕೈಗೆ ಬರುತ್ತಲೇ ಇವೆ.

ಎರಡನೆಯದು ಡಿಎ. ಉಪದಾನಕ್ಕೆ ‘ವೇತನ’ ಎಂದರೆ ಬೇಸಿಕ್ ಮತ್ತು ತುಟ್ಟಿ ಭತ್ಯೆ ಎರಡೂ. ಮನೆ ಬಾಡಿಗೆ, ಬೋನಸ್, ಓವರ್‌ಟೈಮ್ ಸೇರುವುದಿಲ್ಲ, ಆದರೆ ಡಿಎ ಸೇರಲೇಬೇಕು. ನಮ್ಮ ರಾಜ್ಯದ ಕಾರ್ಖಾನೆಗಳಲ್ಲಿ ಕನಿಷ್ಠ ವೇತನದ ಜೊತೆಗೆ ಬದಲಾಗುವ ತುಟ್ಟಿ ಭತ್ಯೆ ಚೀಟಿಯಲ್ಲಿ ಬೇರೆ ಸಾಲಾಗಿ ಬರುತ್ತದಲ್ಲ, ಸಾಫ್ಟ್‌ವೇರಿನ ಕಣ್ಣಿಗೆ ಅದೂ ಒಂದು ‘ಭತ್ಯೆ’. ಭತ್ಯೆ ಎಂದು ಗುರುತು ಹಾಕಿದ್ದನ್ನೆಲ್ಲ ಅದು ಪಕ್ಕಕ್ಕೆ ತಳ್ಳುತ್ತದೆ. ಇವರ ವಿಷಯದಲ್ಲಿ ತಿಂಗಳಿಗೆ 7,800 ರೂಪಾಯಿ ಹೀಗೆ ಲೆಕ್ಕದಿಂದ ಹೊರಗೆ ಬಿದ್ದಿತ್ತು.

ಮೂರನೆಯದು ವರ್ಷಗಳು. ಜುಲೈ 7, 2014ರಿಂದ ಫೆಬ್ರುವರಿ 14, 2025ರವರೆಗೆ ಹತ್ತು ವರ್ಷ ಏಳು ತಿಂಗಳು ಮತ್ತು ಒಂದು ವಾರ. ಪೂರ್ಣ ವರ್ಷಗಳ ಮೇಲೆ ಉಳಿದ ಭಾಗ ಆರು ತಿಂಗಳು ಮೀರಿದರೆ ಅದನ್ನು ಇನ್ನೊಂದು ಪೂರ್ಣ ವರ್ಷವೆಂದು ಎಣಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಇವರ ಸೇವೆ 11 ವರ್ಷ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಆರು ತಿಂಗಳ ನಿಯಮ ಅರ್ಹತೆಯ ಐದು ವರ್ಷಕ್ಕೆ ಅನ್ವಯಿಸುವುದಿಲ್ಲ. ನಾಲ್ಕು ವರ್ಷ ಏಳು ತಿಂಗಳಾದವರು ಇದನ್ನು ತೋರಿಸಿ ಐದು ವರ್ಷ ಆಯಿತು ಎನ್ನಲಾಗದು. ಅವರಿಗಿರುವ ದಾರಿ ಬೇರೆ. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷವೂ ನಿರಂತರ ಸೇವೆಯೇ ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ. ಆ ತೀರ್ಪಿನ ಬಲದ ಮೇಲೆ ಕೇಳಬಹುದು.

ಈಗ ಸರಿಯಾದ ಲೆಕ್ಕ. 26,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000. ಹದಿನೈದು ದಿನಕ್ಕೆ 15,000. ಹನ್ನೊಂದು ವರ್ಷಕ್ಕೆ 1,65,000. ಪತ್ರದಲ್ಲಿದ್ದದ್ದು 91,000. ಒಂದೇ ಸಾಲಿನಲ್ಲಿ 74,000 ರೂಪಾಯಿ ವ್ಯತ್ಯಾಸ. ನಾನು ಕ್ಯಾಲ್ಕುಲೇಟರನ್ನು ಅವರ ಕಡೆಗೆ ತಿರುಗಿಸಿ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಇನ್ನೊಂದು ಸಲ ಹಾಕಿ ಮೇಡಂ” ಎಂದರು. ಈ ಸಲ ಅವರ ಕೈಯಿಂದಲೇ ಗುಂಡಿ ಒತ್ತಿಸಿದೆ.

ಇನ್ನು ರಜೆ. ಇಲ್ಲಿ ನಾವು ಲೆಕ್ಕದವರು ಹೆಚ್ಚು ಎಡವುತ್ತೇವೆ, ಏಕೆಂದರೆ ಗ್ರಾಚ್ಯುಟಿಗೆ ಹಿಡಿದ ಅಳತೆಯನ್ನೇ ಇದಕ್ಕೂ ಹಿಡಿಯುತ್ತೇವೆ. ಇವರು ಕಾರ್ಖಾನೆಯ ಕೆಲಸಗಾರರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕೆಲಸ ಮಾಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನ ಸಂಬಳದ ರಜೆ. ನಮ್ಮ ಚೀಟಿಗಳಲ್ಲಿ ಇಎಲ್ ಎಂದು ಬರೆಯುವ ಗಳಿಕೆ ರಜೆ ಇದೇ. ಕೆಲಸ ಬಿಟ್ಟಾಗ ಉಳಿದ ಇಎಲ್‌ಗೆ ಹಣ ಕೊಡಬೇಕು. ಸಾಂದರ್ಭಿಕ ರಜೆಗೂ ಕಾಯಿಲೆ ರಜೆಗೂ ಕಂಪನಿಯ ನಿಯಮದಲ್ಲಿ ಹೇಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

2025ರ ಜನವರಿ 1ಕ್ಕೆ ಇವರ ಲೆಕ್ಕದಲ್ಲಿ 24 ದಿನ ಇಎಲ್ ಇತ್ತು. ಪತ್ರ ಅಷ್ಟಕ್ಕೇ ನಿಂತಿತ್ತು. ಆದರೆ ಹೊಸ ವರ್ಷದಲ್ಲೂ ಅವರು ದುಡಿದಿದ್ದಾರಲ್ಲ? ಕ್ಯಾಲೆಂಡರ್ ಹಿಡಿದು ಎಣಿಸಿದೆವು. ಜನವರಿಯಲ್ಲಿ ಸಂಕ್ರಾಂತಿಯನ್ನೂ ಭಾನುವಾರಗಳನ್ನೂ ಬಿಟ್ಟು 26 ದಿನ, ಫೆಬ್ರುವರಿ 14ರವರೆಗೆ 12 ದಿನ, ಒಟ್ಟು 38. ಇಪ್ಪತ್ತಕ್ಕೆ ಒಂದರಂತೆ 1.9 ದಿನ. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ಣ ದಿನವಾಗಿ ಹಿಡಿಯಬೇಕು ಎಂಬ ನಿಯಮವಿದೆ, ಹಾಗಾಗಿ 2 ದಿನ. ವರ್ಷಕ್ಕೆ 240 ದಿನ ತುಂಬಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ವರ್ಷದ ನಡುವೆ ಕೆಲಸ ಬಿಟ್ಟವರಿಗೆ ಆ ಷರತ್ತು ಇಲ್ಲದೆಯೇ, ದುಡಿದಷ್ಟು ದಿನಕ್ಕೆ ರಜೆಯ ಹಣ ಕೊಡಬೇಕು ಎಂದು 79ನೇ ಕಲಮೇ ಹೇಳುತ್ತದೆ. ಅಲ್ಲಿಗೆ 26 ದಿನ ಆಯಿತು.

ದರ ಯಾವುದು? ಇಲ್ಲಿ ಬೇಸಿಕ್ ಮತ್ತು ಡಿಎಗೆ ನಿಲ್ಲುವಂತಿಲ್ಲ. 80ನೇ ಕಲಮಿನ ಪ್ರಕಾರ ಹಿಂದಿನ ತಿಂಗಳ ಪೂರ್ಣ ಗಳಿಕೆಯನ್ನು ಆ ತಿಂಗಳು ಕೆಲಸ ಮಾಡಿದ ದಿನಗಳಿಂದ ಭಾಗಿಸಬೇಕು. ಓವರ್‌ಟೈಮ್ ಮತ್ತು ಬೋನಸ್ ಮಾತ್ರ ಬಿಡಬೇಕು. ಕಾರಣ ಬಹಳ ಸರಳ. ರಜೆ ಹಾಕಿ ಮನೆಯಲ್ಲಿ ಕುಳಿತಿದ್ದರೆ ಅವರಿಗೆ ಪೂರ್ಣ ಸಂಬಳವೇ ಬರುತ್ತಿತ್ತು, ಬಾಡಿಗೆ ಭತ್ಯೆಯನ್ನು ಯಾರೂ ಕಳೆಯುತ್ತಿರಲಿಲ್ಲ. ಅದೇ ರಜೆಯನ್ನು ಹಣವಾಗಿ ಕೊಡುವಾಗ ಕಡಿಮೆಯಾಗಲು ಕಾರಣವಿಲ್ಲ. ಜನವರಿಯ ಗಳಿಕೆ 36,000, ಕೆಲಸದ ದಿನ 26. ದಿನಕ್ಕೆ 1,384 ರೂಪಾಯಿ 62 ಪೈಸೆ. ಇಪ್ಪತ್ತಾರು ದಿನಕ್ಕೆ 36,000. ಪತ್ರದಲ್ಲಿ ಬೇಸಿಕ್ಕನ್ನು 30ರಿಂದ ಭಾಗಿಸಿ 24 ದಿನಕ್ಕೆ 14,560 ಹಾಕಿದ್ದರು. ಇಲ್ಲಿ ಕಡಿಮೆ ಬಿದ್ದಿದ್ದು 21,440.

ಇಲ್ಲೊಂದು ಎಚ್ಚರಿಕೆ. ಈ ದರ ಕಾನೂನು ಕೊಟ್ಟ ರಜೆಗೆ. ಕಂಪನಿ ತನ್ನ ಇಚ್ಛೆಯಿಂದ ಇದಕ್ಕಿಂತ ಹೆಚ್ಚು ರಜೆ ಕೊಟ್ಟಿದ್ದರೆ ಆ ಹೆಚ್ಚಿನ ಭಾಗಕ್ಕೆ ಕಂಪನಿಯ ನಿಯಮದಲ್ಲಿರುವ ದರವೇ ಅನ್ವಯ. ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೂ ಬಹಳ ಸಲ ನೇಮಕಾತಿ ಪತ್ರವೇ ಆಧಾರ. ಆದ್ದರಿಂದ ‘ರಜೆ ನಗದೀಕರಣ ಯಾವಾಗಲೂ ಒಟ್ಟು ಸಂಬಳದ ಮೇಲೆ’ ಎಂದು ಇಲ್ಲಿಂದ ಹೊರಟು ಎಲ್ಲರಿಗೂ ಹೇಳಬೇಡಿ. ಮೊದಲು ಆ ವ್ಯಕ್ತಿ ಯಾವ ಕಾನೂನಿನ ಅಡಿಯಲ್ಲಿ ಬರುತ್ತಾರೆ ಎಂದು ಕೇಳಿಕೊಳ್ಳಿ.

ಮೂರನೆಯ ಸಾಲು ನೋಟಿಸ್ ವೇತನ. ಇದರ ಬೇರು ನೇಮಕಾತಿ ಪತ್ರದಲ್ಲಿದೆ. ಇವರ ಪತ್ರದಲ್ಲಿ ‘ಮೂವತ್ತು ದಿನಗಳ ನೋಟಿಸ್ ಅಥವಾ ಅದಕ್ಕೆ ಸಮನಾದ ಒಟ್ಟು ಸಂಬಳ’ ಎಂದಿತ್ತು. ಜನವರಿ 28ರಿಂದ ಫೆಬ್ರುವರಿ 14ರವರೆಗೆ 18 ದಿನ. ಕೊರತೆ 12 ದಿನ. ಈ ಎಣಿಕೆಯಲ್ಲಿ ಕಂಪನಿ ತಪ್ಪು ಮಾಡಿರಲಿಲ್ಲ. ಅವರು 36,000ವನ್ನು 26ರಿಂದ ಭಾಗಿಸಿ 12ರಿಂದ ಗುಣಿಸಿದ್ದರು. ಬಂದದ್ದು 16,615.

ಈ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ನೋಟಿಸಿನ ಮೂವತ್ತು ದಿನ ಎಂದರೆ ಕ್ಯಾಲೆಂಡರಿನ ಮೂವತ್ತು ದಿನ. ಅದರಲ್ಲಿ ಭಾನುವಾರಗಳು ಸೇರಿವೆ. ಕೊರತೆಯ ಹನ್ನೆರಡು ದಿನದಲ್ಲೂ ಭಾನುವಾರಗಳು ಸೇರಿವೆ. ದಿನಗಳನ್ನು ಭಾನುವಾರ ಸೇರಿಸಿ ಎಣಿಸಿದರೆ ದಿನದ ದರವನ್ನೂ ಭಾನುವಾರ ಸೇರಿಸಿಯೇ ಕಟ್ಟಬೇಕು, ಅಂದರೆ 30ರಿಂದ ಭಾಗಿಸಬೇಕು. 36,000ವನ್ನು 30ರಿಂದ ಭಾಗಿಸಿದರೆ 1,200. ಹನ್ನೆರಡು ದಿನಕ್ಕೆ 14,400. ಪರೀಕ್ಷಿಸುವ ವಿಧಾನ ಸುಲಭ. ಅವರು ಒಂದು ದಿನವೂ ನೋಟಿಸ್ ಕೊಡದೆ ಹೋಗಿದ್ದರೆ ಎಷ್ಟು ಕಡಿಯಬೇಕಿತ್ತು? ಒಂದು ತಿಂಗಳ ಸಂಬಳ, 36,000. 26ರಿಂದ ಭಾಗಿಸಿ 30ರಿಂದ ಗುಣಿಸಿದರೆ 41,538 ಬರುತ್ತದೆ. ಒಂದು ತಿಂಗಳ ನೋಟಿಸಿಗೆ ಒಂದು ತಿಂಗಳಿಗಿಂತ ಹೆಚ್ಚು ಸಂಬಳ ಕೊಡಬೇಕಾಗುತ್ತದೆ. ಭಾಜಕ ತಪ್ಪಾಗಿದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಈಗ ಪತ್ರವನ್ನು ಇನ್ನೊಮ್ಮೆ ನೋಡಿ. 26 ಇರಬೇಕಾದ ಗ್ರಾಚ್ಯುಟಿ ಮತ್ತು ರಜೆಯಲ್ಲಿ 30 ಇದೆ. 30 ಇರಬೇಕಾದ ನೋಟಿಸಿನಲ್ಲಿ 26 ಇದೆ. ಕೊಡುವ ಕಡೆಗಳಲ್ಲಿ ಮೊತ್ತ ಇಳಿದಿದೆ, ಹಿಡಿಯುವ ಕಡೆಯಲ್ಲಿ ಏರಿದೆ.

ಇದನ್ನು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ಅವರ ಅನುಮತಿ ಪಡೆದು ಆ ಕಾರ್ಖಾನೆಯ ಎಚ್‌ಆರ್ ವಿಭಾಗಕ್ಕೆ ಫೋನ್ ಮಾಡಿದೆ. ಫೋನ್ ಎತ್ತಿದ್ದು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗಿ. “ಅಕ್ಕ, ನಾನು ಏನೂ ಬದಲಾಯಿಸಿಲ್ಲ, ಸಿಸ್ಟಮ್‌ನಲ್ಲಿ ಇದ್ದದ್ದೇ ಬಂದಿದೆ” ಎಂದಳು. ಪರದೆಯಲ್ಲಿ ಕಾಣುವುದನ್ನು ಒಂದೊಂದಾಗಿ ಓದಿಸಿದೆ. ವಿಷಯ ಬಿಡಿಸಿಕೊಂಡಿತು. ಗೈರುಹಾಜರಿಗೆ ಸಂಬಳ ಕಡಿಯಲು ಅವರು 26ರ ದರ ಇಟ್ಟಿದ್ದರು. ನೋಟಿಸ್ ಕೊರತೆಯೂ ಒಂದು ಕಡಿತವಾದ್ದರಿಂದ ಅದು ಆ ದರವನ್ನೇ ಎತ್ತಿಕೊಂಡಿತ್ತು. ರಜೆ ಮತ್ತು ಗ್ರಾಚ್ಯುಟಿಯ ಸೂತ್ರಗಳನ್ನು ಕಚೇರಿ ಸಿಬ್ಬಂದಿಗಾಗಿ ಯಾವತ್ತೋ ತುಂಬಿದ್ದರು, ಬೇಸಿಕ್ ಭಾಗಿಸು 30 ಎಂದು. ಅವೇ ಸೂತ್ರಗಳು ಯಂತ್ರದ ಮುಂದೆ ನಿಲ್ಲುವವರಿಗೂ ಓಡುತ್ತಿದ್ದವು. ಯಾರೂ ಕೂತು ಮೋಸ ಮಾಡಿರಲಿಲ್ಲ. ಆದರೆ ಆ ಸೂತ್ರ ತುಂಬಿದ ದಿನದಿಂದ ಕೆಲಸ ಬಿಟ್ಟು ಹೋದ ಪ್ರತಿಯೊಬ್ಬ ಕೆಲಸಗಾರನ ಪತ್ರವೂ ಹೀಗೆಯೇ ಹೋಗಿದೆ ಎಂದರೆ, ಅವರಲ್ಲಿ ಬಹಳಷ್ಟು ಜನ ಸಹಿ ಹಾಕಿ ಊರಿಗೆ ಹೋಗಿದ್ದಾರೆ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಇಲ್ಲಿರುವ ಸಂಬಳ ವಿಭಾಗದವರನ್ನು ನಾನು ಕೇಳಿಕೊಳ್ಳುವುದು ಇಷ್ಟೇ. ನಾಳೆ ಬೆಳಿಗ್ಗೆ ನಿಮ್ಮ ಸಾಫ್ಟ್‌ವೇರಿನಲ್ಲಿ ಈ ಮೂರು ಸೂತ್ರಗಳನ್ನು ತೆರೆದು ನೋಡಿ.

ಫೆಬ್ರುವರಿ ಸಂಬಳದ ಸಾಲು ಮಾತ್ರ ಸರಿಯಾಗಿತ್ತು. 36,000ವನ್ನು 28ರಿಂದ ಭಾಗಿಸಿ 14 ದಿನಕ್ಕೆ 18,000.

ಇನ್ನೊಂದು ವಿಷಯ ಉಳಿದಿದೆ, ಮೊತ್ತಕ್ಕಿಂತಲೂ ಅದು ನನಗೆ ಮುಖ್ಯ. ಪತ್ರದಲ್ಲಿ ಎಲ್ಲವನ್ನೂ ಕೂಡಿಸಿ, ನೋಟಿಸ್ ಕಳೆದು, ಒಂದೇ ಅಂಕಿ ತೋರಿಸಿದ್ದರು. ಹಾಗೆ ಮಾಡಿದರೆ ನೋಟಿಸಿನ ಕಡಿತ ಯಾವ ಹಣದಿಂದ ಹೋಯಿತು ಎಂದು ತಿಳಿಯುವುದಿಲ್ಲ. ಗ್ರಾಚ್ಯುಟಿಗೆ ಕಾಯ್ದೆ ವಿಶೇಷ ರಕ್ಷಣೆ ಕೊಟ್ಟಿದೆ. ನ್ಯಾಯಾಲಯದ ಆದೇಶದಿಂದಲೂ ಅದನ್ನು ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ 13ನೇ ಕಲಮು. ಮುಟ್ಟುಗೋಲಿಗೆ ಅವಕಾಶ ಇರುವುದು ಕೆಲಸದಿಂದ ತೆಗೆದುಹಾಕಿದ ಸಂದರ್ಭದಲ್ಲಿ, ಅದೂ ಕಂಪನಿಯ ಆಸ್ತಿಗೆ ಹಾನಿ, ಹಿಂಸಾಚಾರದಂಥ ನಿರ್ದಿಷ್ಟ ಕಾರಣಗಳಿಗೆ. ರಾಜೀನಾಮೆ ಕೊಟ್ಟು ನೋಟಿಸ್ ಪೂರೈಸದೆ ಇರುವುದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನೋಟಿಸಿನ 14,400 ಫೆಬ್ರುವರಿ ಸಂಬಳ ಮತ್ತು ರಜೆಯ ಹಣದಲ್ಲಿ ಹೊಂದಬೇಕು, ಗ್ರಾಚ್ಯುಟಿಯ 1,65,000 ಇಡಿಯಾಗಿ ಹೋಗಬೇಕು. ಆದಾಯ ತೆರಿಗೆಯಲ್ಲೂ ಗ್ರಾಚ್ಯುಟಿಗೆ ಒಂದು ವಿನಾಯಿತಿ, ರಜೆಯ ಹಣಕ್ಕೆ ಇನ್ನೊಂದು, ಸಂಬಳಕ್ಕೆ ಅಂಥ ವಿನಾಯಿತಿ ಇಲ್ಲ. ಒಂದೇ ಮೊತ್ತದಲ್ಲಿ ಬೆರೆತರೆ ರಿಟರ್ನ್ಸ್ ಸಲ್ಲಿಸುವಾಗ ಆ ವಿನಾಯಿತಿ ಕೇಳಲು ಅವರ ಕೈಯಲ್ಲಿ ದಾಖಲೆಯೇ ಇರುವುದಿಲ್ಲ.

ಕೊನೆಗೆ ಆ ಹುಡುಗಿಯೇ ಹೊಸ ಪತ್ರ ಸಿದ್ಧಪಡಿಸಿದಳು. ನಾನು ಫೋನಿನಲ್ಲಿ ಹೇಳುತ್ತಾ ಹೋದೆ, ಅವಳು ಬರೆದುಕೊಂಡಳು. ಹಣಕ್ಕೆ ಸಂಬಂಧಿಸಿದ ಭಾಗ ಹೀಗಿತ್ತು:

‘ಸೇರಿದ ದಿನ 7-7-2014. ಸೇವೆಯ ಕೊನೆಯ ದಿನ 14-2-2025. ಉಪದಾನಕ್ಕೆ ಎಣಿಸಿದ ಸೇವೆ 11 ವರ್ಷ.

ಫೆಬ್ರುವರಿ 2025ರ ವೇತನ: 36,000 ÷ 28 × 14 ದಿನ = 18,000 ರೂ.

ಗಳಿಕೆ ರಜೆಯ ಬದಲು ವೇತನ: ಹಿಂದಿನ ಬಾಕಿ 24 ದಿನ, 2025ರಲ್ಲಿ ಗಳಿಸಿದ್ದು 2 ದಿನ. 36,000 ÷ 26 × 26 ದಿನ = 36,000 ರೂ.

ನೋಟಿಸ್ ಅವಧಿಯ ಕೊರತೆ: 30 ದಿನದಲ್ಲಿ 18 ದಿನ ಪೂರೈಸಲಾಗಿದೆ. 36,000 ÷ 30 × 12 ದಿನ = 14,400 ರೂ. ಕಡಿತ. ಇದನ್ನು ಮೇಲಿನ ಎರಡು ಬಾಬ್ತುಗಳಿಂದ ಮಾತ್ರ ಕಳೆಯಲಾಗಿದೆ. ಪಾವತಿಸುವ ಮೊತ್ತ 39,600 ರೂ., ಭವಿಷ್ಯನಿಧಿ ಮತ್ತು ವೃತ್ತಿ ತೆರಿಗೆಯ ಕಡಿತಕ್ಕೆ ಒಳಪಟ್ಟು.

ಉಪದಾನ, ಪ್ರತ್ಯೇಕ ಪಾವತಿ: ಬೇಸಿಕ್ ಮತ್ತು ತುಟ್ಟಿ ಭತ್ಯೆ 26,000 ÷ 26 × 15 × 11 ವರ್ಷ = 1,65,000 ರೂ. 16-3-2025ರ ಒಳಗೆ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುವುದು.’

ಎರಡೂ ಸೇರಿ 2,04,600. ಮೊದಲ ಪತ್ರಕ್ಕೂ ಇದಕ್ಕೂ 97,655 ರೂಪಾಯಿ ಅಂತರ. ಪ್ರತಿ ಸಾಲಿನಲ್ಲೂ ಮೂಲ ಸಂಬಳ, ಭಾಜಕ ಮತ್ತು ದಿನಗಳು ಕಾಣುವಂತೆ ಇರುವುದನ್ನು ಗಮನಿಸಿ. ಹೀಗೆ ಬರೆದರೆ ತಪ್ಪಾದರೂ ಯಾರಾದರೂ ಹಿಡಿಯುತ್ತಾರೆ. ಕೊನೆಯ ಸಾಲಿನ ದಿನಾಂಕವೂ ಸುಮ್ಮನೆ ಹಾಕಿದ್ದಲ್ಲ. ಉಪದಾನ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 10ರ ಸರಳ ಬಡ್ಡಿ ಸೇರಿಸಬೇಕು. 1,65,000ಕ್ಕೆ ಅದು ತಿಂಗಳಿಗೆ 1,375 ರೂಪಾಯಿ. ಕೆಲಸಗಾರ ಅರ್ಜಿ ಕೊಡಲಿ ಬಿಡಲಿ, ಮೊತ್ತವನ್ನು ಲೆಕ್ಕ ಹಾಕಿ ಲಿಖಿತವಾಗಿ ತಿಳಿಸುವ ಹೊಣೆ ಮಾಲೀಕರದ್ದು. ‘ಅರ್ಜಿ ಬಂದಿಲ್ಲ, ಅದಕ್ಕೆ ತಡ’ ಎಂಬ ಉತ್ತರ ನಿಲ್ಲುವುದಿಲ್ಲ.

ಹೊಸ ಕಾನೂನಿನ ಬಗ್ಗೆ ಸಭೆಯಲ್ಲಿ ಹಲವರು ಕೇಳಿದರು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಾನು ಹೇಳಿದ ಪ್ರಕರಣ ಅದಕ್ಕೆ ಮುಂಚಿನದು. ಈಗ ಕೆಲಸ ಬಿಡುವವರಿಗೆ ಹದಿನೈದು ದಿನ, 26 ಮತ್ತು ಆರು ತಿಂಗಳ ಲೆಕ್ಕ ಹಾಗೆಯೇ ಉಳಿದಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷದ ಬದಲು ಒಂದು ವರ್ಷ ಸಾಕು. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ನಲವತ್ತೈದು ದಿನದಲ್ಲಿ ಸೆಟಲ್ ಮಾಡುತ್ತೇವೆ’ ಎಂದು ರಿಲೀವಿಂಗ್ ಪತ್ರದಲ್ಲಿ ಬರೆಯುವ ಹಳೆಯ ರೂಢಿಯನ್ನು ಇನ್ನು ಬಿಡಬೇಕು. ಒಂದು ವೇತನ ಅವಧಿಯಲ್ಲಿ ಒಟ್ಟು ಕಡಿತ ವೇತನದ ಅರ್ಧವನ್ನು ಮೀರುವಂತಿಲ್ಲ, ಹಾಗಾಗಿ ನೋಟಿಸ್ ಕಡಿತವನ್ನು ಹಾಕುವಾಗಲೂ ಈ ಮಿತಿಯನ್ನು ನೋಡಿಕೊಳ್ಳಬೇಕು.

ದೊಡ್ಡ ಬದಲಾವಣೆ ಬಂದಿರುವುದು ‘ವೇತನ’ ಎಂಬ ಪದದಲ್ಲಿ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಒಬ್ಬರ ಒಟ್ಟು ಸಂಬಳ 40,000, ಅದರಲ್ಲಿ ಬೇಸಿಕ್ ಮತ್ತು ಡಿಎ 14,000, ಭತ್ಯೆ 26,000 ಎಂದಿಟ್ಟುಕೊಳ್ಳಿ. ಅರ್ಧ ಎಂದರೆ 20,000. ಭತ್ಯೆ ಅದನ್ನು 6,000 ಮೀರಿದೆ. ಆ 6,000 ವೇತನಕ್ಕೆ ಸೇರಿ, ಗ್ರಾಚ್ಯುಟಿಯ ಲೆಕ್ಕ 14,000ದ ಮೇಲೆ ನಡೆಯದೆ 20,000ದ ಮೇಲೆ ನಡೆಯುತ್ತದೆ. ನಮ್ಮ ಆಪರೇಟರ್‌ಗೆ ಬೇಸಿಕ್ ಮತ್ತು ಡಿಎ ಅರ್ಧಕ್ಕಿಂತ ಹೆಚ್ಚೇ ಇದ್ದುದರಿಂದ ಅವರ ಲೆಕ್ಕ ಇವತ್ತು ಹಾಕಿದರೂ ಬದಲಾಗುವುದಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಕೇಳಿದರು: “ನಾನು ಒಂದು ತಿಂಗಳ ನೋಟಿಸ್ ಕೊಟ್ಟೆ. ಕಂಪನಿಯವರು ನಾಳೆಯಿಂದಲೇ ಬರಬೇಡಿ ಎಂದರು. ಆಗಲೂ ನನ್ನಿಂದಲೇ ಕಡಿಯಬಹುದೇ?” ಇಲ್ಲ. ಅಲ್ಲಿ ಲೆಕ್ಕ ತಿರುಗುತ್ತದೆ. ನೀವು ಕೆಲಸಕ್ಕೆ ಸಿದ್ಧರಿದ್ದಿರಿ, ಬೇಡ ಎಂದವರು ಅವರು. ನೇಮಕಾತಿ ಪತ್ರದಲ್ಲಿ ನೋಟಿಸ್ ಅಥವಾ ಸಂಬಳ ಎಂಬ ಷರತ್ತು ಎರಡೂ ಕಡೆಗೆ ಇದ್ದರೆ ಉಳಿದ ದಿನಗಳ ಸಂಬಳವನ್ನು ನಿಮ್ಮ ಪತ್ರದಲ್ಲಿ ಕೊಡುವ ಬಾಬ್ತಾಗಿ ತೋರಿಸಬೇಕು. ಆದರೆ ‘ನಾಳೆಯಿಂದ ಬರಬೇಡಿ’ ಎಂಬ ಮಾತು ಬಾಯಲ್ಲಿ ಉಳಿಯಬಾರದು. ಅವತ್ತೇ ಒಂದು ಇಮೇಲ್ ಕಳಿಸಿ: ‘ನಿಮ್ಮ ಸೂಚನೆಯಂತೆ ಇಂದು ಬಿಡುಗಡೆ ಹೊಂದುತ್ತಿದ್ದೇನೆ, ನೋಟಿಸ್ ಪೂರೈಸಲು ನಾನು ಸಿದ್ಧನಿದ್ದೆ.’

ಹಿಂದಿನಿಂದ ಒಬ್ಬ ಹೆಣ್ಣುಮಗಳು, “ಸಹಿ ಹಾಕಿಬಿಟ್ಟಿದ್ದರೆ?” ಎಂದರು. ಸಹಿ ಹಾಕಿದರೂ ಕಾಯ್ದೆ ಕೊಟ್ಟ ಗ್ರಾಚ್ಯುಟಿಯ ಹಕ್ಕನ್ನು ಒಪ್ಪಂದದಿಂದ ಕಳೆದುಕೊಳ್ಳಲಾಗದು. ಕಡಿಮೆ ಕೊಟ್ಟಿದ್ದರೆ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಬಹುದು. ತಡ ಮಾಡಬೇಡಿ, ಅರ್ಜಿಗೆ ಕಾಲಮಿತಿ ಇದೆ. ಇನ್ನೂ ಸಹಿ ಹಾಕಿಲ್ಲ, ಆದರೆ ಹಣದ ತುರ್ತು ಇದೆ ಎನ್ನುವವರು ಸಹಿಯ ಪಕ್ಕದಲ್ಲಿ ಕೈಬರಹದಲ್ಲಿ ‘ಲೆಕ್ಕದ ಬಗ್ಗೆ ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ದಿನಾಂಕ ಹಾಕಿ, ಅದರ ಫೋಟೊ ತೆಗೆದು ಇಟ್ಟುಕೊಳ್ಳಿ. ಸಂಬಳದ ಚೀಟಿಗಳನ್ನೂ ಇಟ್ಟುಕೊಳ್ಳಿ. ಕೊನೆಯ ದಿನ ಕಂಪನಿಯ ಲಾಗಿನ್ ಮುಚ್ಚಿದ ಮೇಲೆ ಅವು ಸಿಗುವುದಿಲ್ಲ. ಆ ಆಪರೇಟರ್ ಹತ್ತಿರ ರಬ್ಬರ್ ಬ್ಯಾಂಡ್ ಹಾಕಿದ ಆ ಕಟ್ಟುಗಳು ಇಲ್ಲದಿದ್ದರೆ ಡಿಎಯ 7,800 ಪತ್ರದಿಂದ ಬಿಟ್ಟುಹೋಗಿದೆ ಎಂದು ನನಗೂ ಗೊತ್ತಾಗುತ್ತಿರಲಿಲ್ಲ.

ಅವರ ಗ್ರಾಚ್ಯುಟಿ ಮಾರ್ಚ್ 13ರಂದು ಖಾತೆಗೆ ಬಂತು, ಗಡುವಿಗೆ ಮೂರು ದಿನ ಮೊದಲು. ಅದೇ ಸಂಜೆ ಆ ಹುಡುಗಿ ನನಗೆ ಫೋನ್ ಮಾಡಿದಳು. ಹಿಂದಿನ ಎರಡು ವರ್ಷಗಳಲ್ಲಿ ಬಿಟ್ಟು ಹೋದವರ ಪಟ್ಟಿ ತೆಗೆದಿದ್ದಾಳಂತೆ, ಅದರಲ್ಲಿ ಐದು ವರ್ಷ ತುಂಬಿದವರು ಒಂಬತ್ತು ಜನ ಇದ್ದಾರಂತೆ. “ಅಕ್ಕ, ಮೊದಲು ಯಾರದ್ದು ನೋಡಲಿ?” ಎಂದು ಕೇಳಿದಳು. ಎಲ್ಲರಿಗಿಂತ ಮೊದಲು ಬಿಟ್ಟವರದ್ದು ತೆಗೆ, ಬಡ್ಡಿ ಹೆಚ್ಚು ಬೆಳೆದಿರುವುದು ಅವರದ್ದೇ ಎಂದೆ.